‘ಉಳಿದವು’ ಎಂದಾಕ್ಷಣ ಕಳೆಯಬೇಕೆ?

ಲಕ್ಷ್ಮಮ್ಮನ ಅಂಗಡಿಯಲ್ಲಿ 24 ತೆಂಗಿನಕಾಯಿಗಳಿದ್ದವು, ಅವುಗಳಲ್ಲಿ 6 ಮಾರಾಟವಾದವು, ಎಷ್ಟು ಉಳಿದವು? ಮೂರನೇ ತರಗತಿಯ ಮಗುವಿಗೆ ಇದೇನೂ ಕಷ್ಟದ ಲೆಕ್ಕವಲ್ಲ. ಈಗ ಅದೇ ಅಂಗಡಿ, ಅದೇ ಕಾಯಿ, ಅದೇ ಸಂಖ್ಯೆಗಳನ್ನು ಇಟ್ಟುಕೊಂಡು ವಾಕ್ಯವನ್ನಷ್ಟೇ ಬದಲಿಸೋಣ. ಲಕ್ಷ್ಮಮ್ಮ 6 ತೆಂಗಿನಕಾಯಿ ಮಾರಿದ ಮೇಲೆ ಅಂಗಡಿಯಲ್ಲಿ 24 ಉಳಿದವು, ಬೆಳಿಗ್ಗೆ ಎಷ್ಟಿದ್ದವು? ಈ ಎರಡನೆಯದಕ್ಕೂ 18 ಎಂದು ಬರೆಯುವ ಮಕ್ಕಳು ತರಗತಿಯಲ್ಲಿ ಒಬ್ಬಿಬ್ಬರಲ್ಲ. ಅವರ ಪುಸ್ತಕ ತೆಗೆದು ನೋಡಿದರೆ 24ರಲ್ಲಿ 6 ಕಳೆದದ್ದು ಚೊಕ್ಕವಾಗಿಯೇ ಇರುತ್ತದೆ, ದಶಕ ತೆಗೆದುಕೊಂಡದ್ದರಲ್ಲೂ ತಪ್ಪಿರುವುದಿಲ್ಲ. ಮಾರಿದ ಮೇಲೆ 24 ಉಳಿದಿರುವಾಗ ಮಾರುವ ಮೊದಲು 18 ಇರುವುದು ಸಾಧ್ಯವೇ ಇಲ್ಲ ಎಂಬುದು ಮಾತ್ರ ಅವರ ಗಮನಕ್ಕೆ ಬಂದಿರುವುದಿಲ್ಲ. ಅಂದರೆ ತಪ್ಪು ನಡೆದದ್ದು ಲೆಕ್ಕ ಮಾಡುವಾಗಲ್ಲ, ಯಾವ ಲೆಕ್ಕ ಮಾಡಬೇಕೆಂದು ತೀರ್ಮಾನಿಸುವಾಗ. ಆ ತೀರ್ಮಾನವನ್ನೇ ಬೇರ್ಪಡಿಸಿ ಅಭ್ಯಾಸ ಮಾಡಿಸಲೆಂದು ಹುಟ್ಟಿದ್ದು ‘ಮೊದಲು ಕ್ರಿಯೆಯನ್ನು ಆರಿಸು, ಆಮೇಲೆ ಲೆಕ್ಕ ಮಾಡು’ ಎನ್ನುವ ಮಾದರಿಯ ಅಭ್ಯಾಸ ಹಾಳೆ. ಅದು ಒಳ್ಳೆಯ ಆಲೋಚನೆಯೇ. ಆದರೆ ಅಂಥ ಹಾಳೆಯ ಜೊತೆಗೇ ಗೋಡೆಯ ಮೇಲೆ ‘ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ, ಹಂಚು ಎಂದರೆ ಭಾಗಿಸು’ ಎಂಬ ಪಟ್ಟಿಯನ್ನೂ ತೂಗುಹಾಕಿದರೆ ಹಾಳೆ ತನ್ನ ಕೆಲಸ ಮಾಡುವುದಿಲ್ಲ. ಸುಳಿವಿನ ಪದ ಹೇಳುವುದು ಕತೆಯಲ್ಲಿ ಏನಾಯಿತು ಎಂಬುದನ್ನು. ಯಾವ ಕ್ರಿಯೆ ಬೇಕೆಂಬುದು ಆ ಕತೆಯಲ್ಲಿ ಯಾವುದು ನಮಗೆ ತಿಳಿದಿಲ್ಲ ಎಂಬುದರ ಮೇಲೆ ನಿಂತಿದೆ. ಇವೆರಡೂ ಒಂದೇ ಎಂದು ಮಗು ನಂಬಿದಾಗಲೇ 18 ಬರುವುದು.

ಈ ನಂಬಿಕೆಗೆ ಮಗುವಿನ ಸೋಮಾರಿತನ ಕಾರಣ ಎನ್ನುವುದು ಅನ್ಯಾಯ. ಪಠ್ಯಪುಸ್ತಕಗಳಲ್ಲಿ ಪಾಠದ ಕೊನೆಗೆ ಬರುವ ವಾಕ್ಯರೂಪದ ಲೆಕ್ಕಗಳನ್ನು ಗಮನಿಸಿ. ಸಂಕಲನದ ಪಾಠದ ಕೊನೆಗೆ ಸಂಕಲನದ ಲೆಕ್ಕಗಳು, ವ್ಯವಕಲನದ ಪಾಠದ ಕೊನೆಗೆ ವ್ಯವಕಲನದವು. ವಾಕ್ಯ ಓದದೆ ಪಾಠದ ಹೆಸರು ನೋಡಿದರೂ ಸಾಕು. ಅವನ್ನು ಬೆರೆಸಿದರೂ ‘ಒಟ್ಟು’ ಇರುವಲ್ಲಿ ಕೂಡುವುದು, ‘ಉಳಿದ’ ಇರುವಲ್ಲಿ ಕಳೆಯುವುದು ಎಂಬ ನಿಯಮ ಹೆಚ್ಚಿನ ಕಡೆ ಸರಿಹೋಗುವಂತೆಯೇ ಬರೆದಿರುತ್ತಾರೆ. ಗಣಿತ ಶಿಕ್ಷಣದ ಸಂಶೋಧಕ ಅಲನ್ ಶೋನ್‌ಫೆಲ್ಡ್ 1980ರ ದಶಕದಲ್ಲಿ ಅಮೆರಿಕದ ಪಠ್ಯಪುಸ್ತಕಗಳ ಬಗ್ಗೆ ಇದೇ ದೂರನ್ನು ಎತ್ತಿದ್ದರು. ಪದ ಹುಡುಕುವ ಉಪಾಯದಿಂದಲೇ ಬಹುತೇಕ ಎಲ್ಲ ಲೆಕ್ಕಗಳೂ ಬಗೆಹರಿಯುವಾಗ ಮಗು ಓದಿ ಅರ್ಥಮಾಡಿಕೊಳ್ಳುವ ಗೋಜಿಗೆ ಏಕೆ ಹೋಗಬೇಕು? ವರ್ಷಗಟ್ಟಲೆ ಶಹಭಾಸ್ ಗಿಟ್ಟಿಸಿಕೊಟ್ಟ ಉಪಾಯವನ್ನು ಬಿಡು ಎಂದರೆ ಯಾರೂ ಬಿಡುವುದಿಲ್ಲ. ಆದರೆ ಪಠ್ಯಪುಸ್ತಕದ ಹೊರಗೆ ಆ ಉಪಾಯಕ್ಕೆ ಬಾಳಿಕೆಯಿಲ್ಲ. ಅಮೆರಿಕದ ಶಾಲಾ ಪರೀಕ್ಷೆಗಳಲ್ಲಿ ಬಂದ ವಾಕ್ಯರೂಪದ ಲೆಕ್ಕಗಳನ್ನು ಸಾರಾ ಪೊವೆಲ್ ಮತ್ತು ಸಂಗಡಿಗರು ಒಂದೊಂದಾಗಿ ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದರು. ಸುಳಿವಿನ ಪದವನ್ನು ನಂಬಿ ನಡೆದರೆ ಒಂದೇ ಹಂತದ ಲೆಕ್ಕಗಳಲ್ಲಿ ಅರ್ಧಕ್ಕಿಂತ ಕಡಿಮೆ ಬಾರಿ ಸರಿಯುತ್ತರ ಸಿಗುತ್ತದೆ, ಒಂದಕ್ಕಿಂತ ಹೆಚ್ಚು ಹಂತಗಳಿರುವ ಲೆಕ್ಕಗಳಲ್ಲಿ ಹತ್ತರಲ್ಲಿ ಒಂದು ಬಾರಿಯೂ ಸರಿಯುತ್ತರ ಸಿಗುವುದಿಲ್ಲ ಎಂದು ಅವರು ಕಂಡುಕೊಂಡರು. ಅವು ಇಂಗ್ಲಿಷಿನ ಲೆಕ್ಕಗಳು, ಆ ದೇಶದ ಪರೀಕ್ಷೆಗಳು. ನಮ್ಮ ಪ್ರಶ್ನೆಪತ್ರಿಕೆಗಳಿಗೆ ಅದೇ ಅಂಕಿಗಳನ್ನು ಹಚ್ಚುವುದು ಸರಿಯಲ್ಲ. ಆದರೆ ಉಪಾಯ ಎಡವುವ ಕಾರಣ ಭಾಷೆಯ ಗಡಿ ದಾಟಿದ್ದು.

ಆ ಕಾರಣವನ್ನು ನಿಧಾನವಾಗಿ ನೋಡಬೇಕು. ಲಕ್ಷ್ಮಮ್ಮನ ಕತೆಯಲ್ಲಿ ಮೂರು ಪ್ರಮಾಣಗಳಿವೆ: ಮೊದಲು ಇದ್ದದ್ದು, ಮಾರಿದ್ದು, ಕೊನೆಗೆ ಉಳಿದದ್ದು. ಕತೆ ಯಾವಾಗಲೂ ಕಳೆಯುವ ಕತೆಯೇ, ಕಾಯಿಗಳು ಅಂಗಡಿಯಿಂದ ಹೊರಗೆ ಹೋಗುತ್ತವೆ. ಕೊನೆಯದನ್ನು ಕೇಳಿದರೆ ಕಳೆಯಬೇಕು. ಎಷ್ಟು ಮಾರಿದಳು ಎಂದು ಕೇಳಿದರೂ ಕಳೆಯಬೇಕು, ಆದರೆ ಮೊದಲಿದ್ದುದರಲ್ಲಿ ಉಳಿದದ್ದನ್ನು. ಮೊದಲಿದ್ದುದನ್ನು ಕೇಳಿದರೆ ಮಾತ್ರ ಕೂಡಬೇಕು. ಕತೆ ಒಂದೇ, ‘ಮಾರು’, ‘ಉಳಿ’ ಎಂಬ ಪದಗಳು ಮೂರರಲ್ಲೂ ಇವೆ, ಕ್ರಿಯೆ ಮಾತ್ರ ಬದಲಾಯಿತು. ಮೇರಿ ರೈಲಿ, ಜೇಮ್ಸ್ ಗ್ರೀನೊ ಮತ್ತು ಜೋನ್ ಹೆಲ್ಲರ್ 1983ರಲ್ಲಿ ಕೂಡುವ ಕಳೆಯುವ ಲೆಕ್ಕಗಳನ್ನು ಬದಲಾವಣೆಯ ಕತೆ, ಸೇರಿಕೆಯ ಕತೆ, ಹೋಲಿಕೆಯ ಕತೆ ಎಂದು ವಿಂಗಡಿಸಿ, ಪ್ರತಿಯೊಂದರಲ್ಲೂ ಯಾವ ಪ್ರಮಾಣ ಅಜ್ಞಾತ ಎಂಬುದರ ಮೇಲೆ ಮತ್ತೆ ಒಡೆದು ತೋರಿಸಿದ್ದು ಈ ಕಾರಣಕ್ಕೆ. ಒಂದೇ ಬಗೆಯ ಕತೆಯಲ್ಲಿ ಆರಂಭದ ಪ್ರಮಾಣ ಮರೆಯಾದರೆ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಇದು ನಮ್ಮಲ್ಲಿ ಹೊಸ ತಿಳಿವಳಿಕೆಯೇನೂ ಅಲ್ಲ. ಕ್ರಿ.ಶ. 499ರ ಆರ್ಯಭಟೀಯದಲ್ಲಿ, 1150ರ ಲೀಲಾವತಿಯಲ್ಲಿ ವಿಲೋಮ ವಿಧಿ ಎಂಬುದೊಂದಿದೆ. ಕೊನೆಯ ಫಲ ಗೊತ್ತಿದ್ದು ಮೊದಲಿನದು ಗೊತ್ತಿಲ್ಲದಿದ್ದರೆ ಕತೆಯನ್ನು ಹಿಂದುಮುಂದಾಗಿ ನಡೆಸಬೇಕು, ಆಗ ಕೂಡಿದ್ದು ಕಳೆಯುವುದಾಗುತ್ತದೆ, ಕಳೆದದ್ದು ಕೂಡುವುದಾಗುತ್ತದೆ, ಗುಣಿಸಿದ್ದು ಭಾಗಿಸುವುದಾಗುತ್ತದೆ. ಸುಳಿವಿನ ಪದದ ಪಟ್ಟಿ ಹೇಳಿಕೊಡುವುದಕ್ಕೆ ಇದು ತದ್ವಿರುದ್ಧ. ಹದಿನೈದು ಶತಮಾನ ಹಿಂದಿನ ಗಣಿತಜ್ಞ ಬಲ್ಲ ಸಂಗತಿಯನ್ನು ತರಗತಿಯ ಗೋಡೆ ಮರೆತಿದೆ ಎನ್ನಬೇಕಾಗುತ್ತದೆ.

ಚಿಕ್ಕ ಮಕ್ಕಳು ಮಾತ್ರ ಹೀಗೆ ಎಡವುತ್ತಾರೆ, ದೊಡ್ಡವರಾದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದುಕೊಳ್ಳಬಹುದು. ಹಾಗಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಆನ್ ಲೂಯಿಸ್ ಮತ್ತು ರಿಚರ್ಡ್ ಮೇಯರ್ 1987ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹೋಲಿಕೆಯ ಲೆಕ್ಕಗಳನ್ನು ಕೊಟ್ಟು ನೋಡಿದರು. ಅಂಥ ಲೆಕ್ಕಕ್ಕೆ ನಮ್ಮದೇ ರೂಪ ಕೊಡುವುದಾದರೆ ಹೀಗಿರುತ್ತದೆ: ಲಕ್ಷ್ಮಮ್ಮನ ಅಂಗಡಿಯಲ್ಲಿ ಕಾಯಿಗೆ 24 ರೂಪಾಯಿ, ಅದು ಬಸಣ್ಣನ ಅಂಗಡಿಯ ಬೆಲೆಗಿಂತ 6 ರೂಪಾಯಿ ಹೆಚ್ಚು, ಬಸಣ್ಣನ ಅಂಗಡಿಯಲ್ಲಿ ಬೆಲೆಯೆಷ್ಟು? ‘ಹೆಚ್ಚು’ ಎಂದಿದೆ, ಆದರೆ ಕಳೆಯಬೇಕು. ಪದವೂ ಕ್ರಿಯೆಯೂ ಒಂದೇ ದಿಕ್ಕಿಗೆ ಎಳೆಯುವ ಲೆಕ್ಕದಲ್ಲಿ ಸಲೀಸಾಗಿ ನಡೆದವರೇ ಎದುರುಬದುರಾಗಿ ಎಳೆಯುವ ಲೆಕ್ಕದಲ್ಲಿ ಕ್ರಿಯೆಯನ್ನು ತಿರುವುಮುರುವು ಮಾಡಿದರು. ಮೇರಿ ಹೆಗಾರ್ಟಿ, ಮೇಯರ್ ಮತ್ತು ಕ್ರಿಸ್ಟೋಫರ್ ಮಂಕ್ 1995ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓದುವಾಗ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಯಂತ್ರದಿಂದ ಅಳೆದರು. ಎಡವುವವರು ಮತ್ತೆ ಮತ್ತೆ ಹಿಂದಿರುಗಿದ್ದು ಸಂಖ್ಯೆಗಳಿಗೆ ಮತ್ತು ‘ಹೆಚ್ಚು’, ‘ಕಡಿಮೆ’ಗಳಂಥ ಪದಗಳಿಗೆ. ಸರಿಯಾಗಿ ಬಿಡಿಸುವವರ ಕಣ್ಣು ಅವರಿಗಿಂತ ಹೆಚ್ಚಾಗಿ ಹಿಂದಿರುಗಿದ್ದು ಯಾರ ಬೆಲೆ, ಯಾವ ಅಂಗಡಿ ಎಂಬ ಹೆಸರುಗಳಿಗೆ. ಆಮೇಲೆ ಓದಿದ್ದನ್ನು ನೆನಪಿನಿಂದ ಬರೆಯಿರಿ ಎಂದಾಗ ಇನ್ನೂ ಸೊಗಸಾದ ವ್ಯತ್ಯಾಸ ಕಂಡಿತು. ಎಡವುವವರಿಗೆ ‘ಹೆಚ್ಚು’ ಎಂಬ ಪದ ಅಕ್ಷರಶಃ ನೆನಪಿತ್ತು, ಯಾರದು ಹೆಚ್ಚು ಎಂಬುದು ತಪ್ಪಿಹೋಗಿತ್ತು. ಬಲ್ಲವರು ಪದವನ್ನು ಮರೆತು ‘ಬಸಣ್ಣನದು ಕಡಿಮೆ’ ಎಂದು ಬೇರೆ ಮಾತಿನಲ್ಲಿ ಬರೆಯುತ್ತಿದ್ದರು, ಅರ್ಥ ಕೆಡುತ್ತಿರಲಿಲ್ಲ. ಪದವನ್ನು ಗೆರೆ ಎಳೆದು ಗುರುತಿಸು ಎಂದು ಮಗುವಿಗೆ ಹೇಳುವಾಗ ನಾವು ಯಾರ ಓದನ್ನು ಕಲಿಸುತ್ತಿದ್ದೇವೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಕನ್ನಡದಲ್ಲಿ ಈ ಬಲೆಗೆ ಅದರದ್ದೇ ಹೆಣಿಗೆಯಿದೆ. ನಮ್ಮ ಹೋಲಿಕೆಯ ವಾಕ್ಯದಲ್ಲಿ ಭಾರ ಹೊರುವುದು ‘ಹೆಚ್ಚು’ ಅಲ್ಲ, ಹೆಸರಿಗೆ ಅಂಟಿಕೊಂಡು ಬರುವ ‘-ಗಿಂತ’. ‘ಗೀತಾಳಿಗಿಂತ ರವಿಯ ಬಳಿ 6 ಹೆಚ್ಚು’ ಎಂದರೂ ‘ರವಿಯ ಬಳಿ ಗೀತಾಳಿಗಿಂತ 6 ಹೆಚ್ಚು’ ಎಂದರೂ ಒಂದೇ. ಪದಗಳು ಹೇಗೆ ಸ್ಥಳ ಬದಲಿಸಿದರೂ ‘-ಗಿಂತ’ ಯಾರ ಬಾಲಕ್ಕೆ ಕಟ್ಟಿದೆ ಎಂಬುದು ಉಳಿದರೆ ಸಾಕು. ಕಣ್ಣು ನೇರವಾಗಿ ವಾಕ್ಯದ ಕೊನೆಯ ‘ಹೆಚ್ಚು’ವಿಗೆ ಹಾರಿದರೆ ಆ ಸಣ್ಣ ಪ್ರತ್ಯಯವೇ ತಪ್ಪಿಹೋಗುತ್ತದೆ. ‘ತಲಾ’ ಎಂಬ ಪದವನ್ನು ನೋಡಿ. 24 ಜನರಿಗೆ ತಲಾ 6 ಕಾಯಿ ಕೊಡಲು ಎಷ್ಟು ಕಾಯಿ ಬೇಕು ಎಂದರೆ ಗುಣಿಸಬೇಕು. 24 ಕಾಯಿಗಳನ್ನು 6 ಜನರಿಗೆ ಹಂಚಿದರೆ ತಲಾ ಎಷ್ಟು ಎಂದರೆ ಭಾಗಿಸಬೇಕು. ‘ಕೊಟ್ಟ’ ಎಂಬುದಂತೂ ಯಾರ ಕಡೆಯಿಂದ ನೋಡುತ್ತೇವೆ ಎಂಬುದರ ಮೇಲೆ ಪೂರ್ತಿ ತಿರುಗುತ್ತದೆ. ಅಜ್ಜಿ ರವಿಗೆ ಕೊಟ್ಟರೆ ರವಿಯದು ಬೆಳೆಯುತ್ತದೆ, ರವಿ ತಂಗಿಗೆ ಕೊಟ್ಟರೆ ಕರಗುತ್ತದೆ. ‘ಉಳಿ’ಯನ್ನು ಕಳೆಯುವ ಪದವೆಂದು ಕಲಿತ ಮಗುವಿನ ಮುಂದೆ ‘ತಿಂಗಳಿಗೆ 24 ರೂಪಾಯಿ ಉಳಿಸಿದರೆ 6 ತಿಂಗಳಲ್ಲಿ ಎಷ್ಟು ಉಳಿತಾಯವಾಗುತ್ತದೆ’ ಎಂದು ಇಡಿ. ಎರಡು ಸಲ ‘ಉಳಿ’ ಬಂದಿದೆ, ಮಾಡಬೇಕಾದದ್ದು ಗುಣಾಕಾರ. ‘ಒಟ್ಟು’ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಪದ, ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದೂ ಅದೇ. ‘ಒಟ್ಟು ಎಷ್ಟು?’ ಎಂದು ಪ್ರಶ್ನೆಯಲ್ಲಿ ಬಂದರೆ ಅದು ಅಜ್ಞಾತ. ‘ಒಟ್ಟು 24 ಇದ್ದವು’ ಎಂದು ಹೇಳಿಕೆಯಲ್ಲಿ ಬಂದರೆ ಅದು ಆಗಲೇ ಕೈಗೆ ಸಿಕ್ಕಿದೆ, ಹುಡುಕಬೇಕಾದದ್ದು ಅದರ ಭಾಗವನ್ನು.

ಹಾಗಾದರೆ ಕ್ರಿಯೆಯನ್ನು ಮೊದಲು ಆರಿಸಬೇಕಾದ ಹಾಳೆಯನ್ನು ಹೇಗೆ ಕಟ್ಟಬೇಕು? ಸಾಮಾನ್ಯವಾಗಿ ಕಾಣುವ ಹಾಳೆಯಲ್ಲಿ ಹತ್ತು ಲೆಕ್ಕಗಳು, ಪ್ರತಿಯೊಂದರ ಪಕ್ಕದಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕು ಚಿಹ್ನೆಗಳ ಪೆಟ್ಟಿಗೆ ಇರುತ್ತದೆ. ಇಲ್ಲಿ ಮಗುವಿಗೆ ಸುಳಿವು ಎರಡು ಕಡೆಯಿಂದ ಸೋರುತ್ತದೆ, ಪದದಿಂದ ಮತ್ತು ಸಂಖ್ಯೆಯಿಂದ. 347 ಮತ್ತು 289 ಇದ್ದರೆ ಗುಣಾಕಾರ ಇರಲಾರದು. 72 ಮತ್ತು 8 ಇದ್ದರೆ ಭಾಗಾಕಾರವೇ ಇರಬೇಕು. 53 ಮತ್ತು 7 ಇದ್ದರೆ ಭಾಗಾಕಾರ ಅಲ್ಲ, ಶೇಷ ಬರುತ್ತದಲ್ಲ! ಮಕ್ಕಳು ಹೀಗೆ ಸಂಖ್ಯೆಯ ಗಾತ್ರ ನೋಡಿ ಕ್ರಿಯೆ ಊಹಿಸುವುದನ್ನು ಲಾರಿ ಸೌಡರ್ 1988ರಲ್ಲೇ ದಾಖಲಿಸಿದ್ದಾರೆ. ಈ ಸೋರಿಕೆಯನ್ನು ತಡೆಯಲು ಸುಲಭ ದಾರಿಯಿದೆ: ಇಡೀ ಹಾಳೆಗೆ ಒಂದೇ ಜೋಡಿ ಸಂಖ್ಯೆ ಬಳಸುವುದು, ಅದೂ ನಾಲ್ಕು ಕ್ರಿಯೆಗಳಿಗೂ ಒಗ್ಗುವಂಥದ್ದು. 24 ಮತ್ತು 6 ಅಂಥ ಜೋಡಿ. ಕೂಡಿದರೆ 30, ಕಳೆದರೆ 18, ಗುಣಿಸಿದರೆ 144, ಭಾಗಿಸಿದರೆ 4, ಎಲ್ಲವೂ ಪೂರ್ಣಸಂಖ್ಯೆಗಳು. ಯಾವುದೂ ‘ಹೀಗಿರಲಾರದು’ ಎಂದು ಕಣ್ಸನ್ನೆ ಮಾಡುವುದಿಲ್ಲ. ಈ ಲೇಖನದಲ್ಲಿ ಈವರೆಗೆ ಬಂದ ಬಹುತೇಕ ಉದಾಹರಣೆಗಳಲ್ಲಿ ಅದೇ ಜೋಡಿ ಇರುವುದು ಆಕಸ್ಮಿಕವಲ್ಲ.

ಈ ಜೋಡಿಯಿಂದ ಎಂಟು ಲೆಕ್ಕಗಳ ಹಾಳೆಯೊಂದನ್ನು ಕಟ್ಟೋಣ. ಮಾರಿದ ಮೇಲೆ 24 ಉಳಿದ ಲಕ್ಷ್ಮಮ್ಮನ ಲೆಕ್ಕ ಒಂದು, ಉತ್ತರ 30. ಬಸಣ್ಣನದಕ್ಕಿಂತ 6 ಹೆಚ್ಚು ಎನ್ನುವ ಬೆಲೆಯ ಲೆಕ್ಕ ಇನ್ನೊಂದು, ಉತ್ತರ 18. ‘ಅಂಗಡಿಯಲ್ಲಿ ಒಟ್ಟು 24 ಕಾಯಿಗಳಿವೆ, ಅವುಗಳಲ್ಲಿ 6 ಸುಲಿದವು, ಸುಲಿಯದವು ಎಷ್ಟು’ ಎಂಬಲ್ಲಿ ‘ಒಟ್ಟು’ ಇದ್ದೂ ಕಳೆಯಬೇಕು. ‘ಚೀಲಕ್ಕೆ 24ರಂತೆ 6 ಚೀಲ ಬಂದವು, ಒಟ್ಟು ಎಷ್ಟು ಕಾಯಿ’ ಎಂಬಲ್ಲಿ ‘ಒಟ್ಟು’ ಇದ್ದೂ ಗುಣಿಸಬೇಕು. ‘ಲಕ್ಷ್ಮಮ್ಮನ ಬಳಿ 24 ಕಾಯಿಗಳಿವೆ, ಇದು ಬಸಣ್ಣನ ಬಳಿ ಇರುವುದರ 6 ಪಟ್ಟು’ ಎಂಬಲ್ಲಿ ‘ಪಟ್ಟು’ ಇದ್ದೂ ಭಾಗಿಸಬೇಕು. ಮುಂದಿನದು ಮುಖ್ಯ: ಎರಡು ಲೆಕ್ಕಗಳಲ್ಲಿ ಪದ ನಿಜವನ್ನೇ ಹೇಳಬೇಕು. ‘24 ಇದ್ದವು, ಮತ್ತೆ 6 ತಂದರು, ಈಗ ಒಟ್ಟು ಎಷ್ಟು’ ಎಂಬ ಸರಳ ಲೆಕ್ಕ, ‘24 ಕಾಯಿಗಳನ್ನು 6 ಮನೆಗಳಿಗೆ ಸಮವಾಗಿ ಹಂಚಿದರೆ’ ಎಂಬ ಸರಳ ಲೆಕ್ಕ. ಇವಿಲ್ಲದಿದ್ದರೆ ಮಗು ಎರಡೇ ದಿನದಲ್ಲಿ ‘ಒಟ್ಟು ಎಂದರೆ ಕೂಡಬಾರದು’ ಎಂಬ ಹೊಸ ಸುಳಿವನ್ನು ಕಂಡುಹಿಡಿಯುತ್ತದೆ, ಅಲ್ಲಿಗೆ ಹಳೆಯ ರೋಗವೇ ಅಂಗಿ ತಿರುವಿ ಹಾಕಿಕೊಂಡಂತಾಗುತ್ತದೆ. ಎಂಟನೆಯದು ಉತ್ತರವೇ ಇಲ್ಲದ ಲೆಕ್ಕ: ‘ಲಕ್ಷ್ಮಮ್ಮ ಬೆಳಿಗ್ಗೆ 6 ಗಂಟೆಗೆ ಅಂಗಡಿ ತೆರೆದಾಗ 24 ಕಾಯಿಗಳಿದ್ದವು, ಸಂಜೆಗೆ ಎಷ್ಟು ಉಳಿದವು?’ ಫ್ರಾನ್ಸಿನ ಗ್ರೆನೋಬ್ಲ್‌ನ ಗಣಿತ ಶಿಕ್ಷಣ ಸಂಶೋಧನಾ ಕೇಂದ್ರದವರು 1980ರ ಹೊತ್ತಿಗೆ ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ, ಹಡಗಿನಲ್ಲಿ 26 ಕುರಿ 10 ಮೇಕೆಗಳಿವೆ, ಕಪ್ತಾನನ ವಯಸ್ಸೆಷ್ಟು ಎಂಬ ಲೆಕ್ಕ ಕೊಟ್ಟಿದ್ದರು. 76 ಮಕ್ಕಳು ಆ ಸಂಖ್ಯೆಗಳಿಂದಲೇ ಒಂದು ಉತ್ತರ ಹೊರಡಿಸಿದರು. ‘ಹೇಳಲು ಬರುವುದಿಲ್ಲ’ ಎಂಬುದೂ ಒಂದು ಉತ್ತರವೆಂದು ಹಾಳೆ ಒಪ್ಪದಿದ್ದರೆ ಕ್ರಿಯೆ ಆರಿಸುವುದು ನಾಲ್ಕು ಚಿಹ್ನೆಗಳಲ್ಲಿ ಒಂದಕ್ಕೆ ಚೀಟಿ ಎತ್ತುವುದೇ ಆಗುತ್ತದೆ.

ಇಷ್ಟಾದರೂ ಚಿಹ್ನೆಯ ಪೆಟ್ಟಿಗೆಯೊಂದೇ ಇದ್ದರೆ ಶಿಕ್ಷಕರಿಗೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ಚಿಹ್ನೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಆದ್ದರಿಂದ ಚಿಹ್ನೆಗೆ ಮುಂಚೆ ಎರಡು ಸಣ್ಣ ಕೆಲಸಗಳು ಬೇಕು. ಮೊದಲನೆಯದು, ಉತ್ತರವನ್ನು ಸಂಖ್ಯೆಯಿಲ್ಲದೆ ಒಂದು ಪೂರ್ಣವಾಕ್ಯದಲ್ಲಿ ಬರೆಯುವುದು: ‘ಬೆಳಿಗ್ಗೆ ಅಂಗಡಿಯಲ್ಲಿ ___ ಕಾಯಿಗಳಿದ್ದವು.’ ಎರಡನೆಯದು, ಆ ಖಾಲಿ ಜಾಗದಲ್ಲಿ ಬರುವುದು 24ಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಹೇಳಿ, ಏಕೆಂದು ಒಂದು ಮಾತು ಬರೆಯುವುದು. ಲಕ್ಷ್ಮಮ್ಮನ ಲೆಕ್ಕಕ್ಕೆ ‘ದೊಡ್ಡದು, ಮಾರಿದ ಮೇಲೂ 24 ಉಳಿದಿವೆಯಲ್ಲ’ ಎಂದು ಬರೆದ ಮಗು ಕಳೆಯುವ ಚಿಹ್ನೆ ಹಾಕುವುದು ಅಪರೂಪ. ಹಾಗೆ ಬರೆದೂ ಕಳೆದರೆ ಆ ಮಗುವಿನ ತೊಡಕು ಬೇರೆಯದೇ ಎಂದು ಗೊತ್ತಾಗುತ್ತದೆ. ‘ಚಿಕ್ಕದು, ಉಳಿದವು ಅಂತ ಇದೆ’ ಎಂದು ಬರೆದರೆ ಪದ ಹುಡುಕಿದ್ದು ಕೈಬರಹದಲ್ಲೇ ಸಿಕ್ಕಿತು. ತಪ್ಪುಗಳನ್ನು ಓದುವಾಗಲೂ ಈ ವ್ಯತ್ಯಾಸ ಮಾಡಬೇಕು. ಉತ್ತರ 30 ಇರಬೇಕಾದಲ್ಲಿ 29 ಬಂದರೆ ಅದು ಎಣಿಕೆಯ ತಪ್ಪು, ಇನ್ನಷ್ಟು ಕೂಡುವ ಅಭ್ಯಾಸ ಸಾಕು. 18 ಬಂದರೆ ಎಷ್ಟು ಕೂಡಿಸಿದರೂ ಕಳೆಯಿಸಿದರೂ ಉಪಯೋಗವಿಲ್ಲ, ಏಕೆಂದರೆ ಆ ಮಗುವಿಗೆ ಕಳೆಯಲು ಚೆನ್ನಾಗಿಯೇ ಬರುತ್ತದೆ. ಇವೆರಡಕ್ಕೂ ಒಂದೇ ಕೆಂಪು ತಪ್ಪು ಗುರುತು ಹಾಕಿ ಮನೆಗೆಲಸ ಕೊಟ್ಟರೆ ಪಾಪ, ಆ ಮಗುವಿಗೆ ಬೇಕಾದ ಪಾಠ ಸಿಗುವುದೇ ಇಲ್ಲ.

ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆಗೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಪೂರ್ಣಸಂಖ್ಯೆಗಳ ಲೋಕದಲ್ಲಿ ಬೆಳೆದ ಮಗು ‘ಗುಣಿಸಿದರೆ ಹೆಚ್ಚಾಗುತ್ತದೆ, ಭಾಗಿಸಿದರೆ ಕಡಿಮೆಯಾಗುತ್ತದೆ’ ಎಂದು ತನ್ನಷ್ಟಕ್ಕೇ ನಂಬಿರುತ್ತದೆ. ಕಿಲೋಗೆ 60 ರೂಪಾಯಿಯ ಟೊಮೆಟೊ 3 ಕಿಲೋ ಕೊಂಡರೆ ಎಷ್ಟು ಎಂದಾಗ ಗುಣಿಸಿದ ವಿದ್ಯಾರ್ಥಿ, 0.75 ಕಿಲೋ ಎಂದಾಗ ಭಾಗಿಸಲು ಹೊರಡುತ್ತಾನೆ. ಉತ್ತರ 60ಕ್ಕಿಂತ ಕಡಿಮೆ ಬರಬೇಕೆಂದು ಅವನು ಸರಿಯಾಗಿಯೇ ಊಹಿಸಿದ್ದಾನೆ, ಆದರೆ ಕಡಿಮೆ ಮಾಡಲು ಭಾಗಾಕಾರವೇ ದಾರಿ ಎಂದುಕೊಂಡಿದ್ದಾನೆ. ಕತೆ ಬದಲಾಗದೆ ಬರೀ ಸಂಖ್ಯೆ ಬದಲಾದರೂ ಕ್ರಿಯೆ ಬದಲಿಸುವ ಈ ಚಾಳಿಯನ್ನು ಇಂಗ್ಲೆಂಡಿನಲ್ಲಿ ಆಲನ್ ಬೆಲ್, ಮಾಲ್ಕಮ್ ಸ್ವಾನ್ ಮತ್ತು ಗ್ಲೆಂಡಾ ಟೇಲರ್ 1981ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ದಶಮಾಂಶ, ಭಿನ್ನರಾಶಿಗಳು ಬರುವ ತರಗತಿಗಳಲ್ಲಿ ಅದೇ ವಾಕ್ಯವನ್ನು ಒಮ್ಮೆ 3 ಕಿಲೋಗೂ ಒಮ್ಮೆ 0.75 ಕಿಲೋಗೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಕ್ರಿಯೆ ಒಂದೇ ಏಕೆ ಎಂದು ಕೇಳಬೇಕಾಗುತ್ತದೆ.

ಈಗ ಎದುರುವಾದಗಳಿಗೆ ಬರೋಣ. ಮೊದಲನೆಯದು ಶಿಕ್ಷಕರಿಂದಲೇ ಬರುವಂಥದ್ದು: ಓದು ಸರಿಯಾಗಿ ಬಾರದ ಮಗುವಿಗೆ, ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಓದಬೇಕಾದ ಮಗುವಿಗೆ, ಸುಳಿವಿನ ಪದವಾದರೂ ಒಂದು ಊರುಗೋಲಲ್ಲವೇ? ಅದನ್ನೂ ಕಿತ್ತುಕೊಂಡರೆ ಅದು ಏನು ಹಿಡಿದು ನಿಲ್ಲಬೇಕು? ಈ ಕಾಳಜಿ ನಿಜವಾದದ್ದು. ಭಾಷೆಯ ತೊಡಕು ಎಷ್ಟು ದೊಡ್ಡದೆಂದು ಟಾಮ್ ಹಡ್ಸನ್ 1983ರಲ್ಲಿ ತೋರಿಸಿದ ಪ್ರಯೋಗ ಪ್ರಸಿದ್ಧ. ಹಕ್ಕಿಗಳೂ ಹುಳುಗಳೂ ಇರುವ ಚಿತ್ರ ತೋರಿಸಿ, ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು ಎಂದು ಕೇಳಿದಾಗ ಒಂದನೇ ತರಗತಿಯ ಮಕ್ಕಳಲ್ಲಿ ಶೇಕಡಾ 64 ಮಂದಿ ಮಾತ್ರ ಸರಿ ಹೇಳಿದರು. ಹಕ್ಕಿಗಳೆಲ್ಲ ಹಾರಿ ಹೋಗಿ ಒಂದೊಂದು ಹುಳು ಹಿಡಿಯಲು ಹೊರಟರೆ ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ ಎಂದು ಅದೇ ಚಿತ್ರದ ಮೇಲೆ ಕೇಳಿದಾಗ ಎಲ್ಲರೂ ಸರಿ ಹೇಳಿದರು. ನೋಡಿ, ಪದವೇ ಎಲ್ಲವೂ ಅಲ್ಲವೇ ಎಂದು ಇದನ್ನು ಮುಂದಿಡಬಹುದು. ಆದರೆ ಹಡ್ಸನ್ ಮಾಡಿದ್ದು ಸುಳಿವಿನ ಪದ ಸೇರಿಸುವುದಲ್ಲ. ‘ಎಷ್ಟು ಹೆಚ್ಚು’ ಎಂಬ ಸಂಬಂಧವನ್ನು ಮಗು ಕಣ್ಣಿಗೆ ಕಟ್ಟಿಕೊಳ್ಳಬಲ್ಲ ಸಂದರ್ಭವಾಗಿ ಬಿಡಿಸಿಟ್ಟದ್ದು. ಒಂದು ಹಕ್ಕಿಗೆ ಒಂದು ಹುಳು ಎಂದು ಜೋಡಿಸುತ್ತಾ ಹೋಗಿ ಮಿಕ್ಕದ್ದನ್ನು ಎಣಿಸಿದರಾಯಿತು. ಓದಲು ಬಾರದ ಮಗುವಿಗೆ ಬೇಕಾದ ಊರುಗೋಲು ಇದು: ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುವುದು, ಸಂಖ್ಯೆಗಳನ್ನು ತೆಗೆದು ಕತೆಯನ್ನಷ್ಟೇ ಮನೆಮಾತಿನಲ್ಲಿ ಹೇಳಿಸುವುದು, ಕಲ್ಲೋ ಹುಣಸೆಬೀಜವೋ ಇಟ್ಟು ಆಡಿಸುವುದು. ಪದದ ಪಟ್ಟಿ ಕೊಡುವುದೆಂದರೆ, ಓದು ಬಾರದವನು ಓದುವುದೇ ಬೇಡ ಎಂದಂತೆ. ಅದರ ಬೆಲೆ ಮೂರು ನಾಲ್ಕು ವರ್ಷ ಬಿಟ್ಟು, 100 ರೂಪಾಯಿ ಕೊಟ್ಟು 24 ರೂಪಾಯಿಯ 3 ಪುಸ್ತಕ ಕೊಂಡರೆ ಎಷ್ಟು ಹಣ ವಾಪಸ್ಸು ಬರುತ್ತದೆ ಎಂಬ ಲೆಕ್ಕ ಎದುರಾದಾಗ ಗೊತ್ತಾಗುತ್ತದೆ. ಅಲ್ಲಿ ಗುಣಿಸು ಎಂದು ಹೇಳುವ ಪದವೇ ಇಲ್ಲ, ಎರಡು ಹಂತಗಳಿವೆ ಎಂದು ಹೇಳುವ ಪದವಂತೂ ಯಾವ ಭಾಷೆಯಲ್ಲೂ ಇಲ್ಲ.

ಎರಡನೆಯ ಎದುರುವಾದ ಇನ್ನೂ ಗಟ್ಟಿಯಾದದ್ದು, ನನ್ನ ಮಟ್ಟಿಗೆ ಅರ್ಧ ಒಪ್ಪಲೇಬೇಕಾದದ್ದು. ಒಂದು ಲೆಕ್ಕಕ್ಕೆ ಒಂದೇ ಕ್ರಿಯೆ ಎಂದು ಯಾರು ಹೇಳಿದರು? ರವಿಯ ಬಳಿ 18 ಗೋಲಿಗಳಿವೆ, 24 ಆಗಲು ಇನ್ನೆಷ್ಟು ಬೇಕು ಎಂದರೆ ಪಠ್ಯಪುಸ್ತಕ ವ್ಯವಕಲನ ಎನ್ನುತ್ತದೆ. ಮಗು 18ರಿಂದ ಮುಂದೆ ಎಣಿಸುತ್ತಾ 6 ಎನ್ನುತ್ತದೆ, ಅದು ಮಾಡಿದ್ದು ಕೂಡುವುದನ್ನೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನ್ನೆಮಾ ಮತ್ತು ಸಂಗಡಿಗರು 1980ರ ದಶಕದಿಂದ ನಡೆಸಿದ ಕೆಲಸದ ತಿರುಳೇ ಇದು. ಮಕ್ಕಳು ಶಾಲೆ ಹೇಳಿಕೊಡುವ ಮೊದಲೇ ಕತೆಯನ್ನು ಅನುಸರಿಸಿ ಲೆಕ್ಕ ಬಿಡಿಸುತ್ತಾರೆ, ಚಿಹ್ನೆ ಆಮೇಲೆ ಬರುತ್ತದೆ. ಅಂಥ ಮಗುವಿಗೆ ‘ಮೊದಲು ಕ್ರಿಯೆ ಆರಿಸು’ ಎಂದರೆ ಸರಿಯಾಗಿ ನಡೆಯುತ್ತಿದ್ದವನ ಕಾಲಿಗೆ ಹಗ್ಗ ಕಟ್ಟಿದಂತೆ. ಆದ್ದರಿಂದ ಒಂದು ಎರಡನೇ ತರಗತಿಗಳಿಗೆ, ಸಣ್ಣ ಸಂಖ್ಯೆಗಳಿಗೆ, ಈ ಹಾಳೆ ಬೇಡ. ಮೂರನೇ ತರಗತಿಯಿಂದಾಚೆಗೂ ಪೆಟ್ಟಿಗೆಯಲ್ಲಿ ಚಿಹ್ನೆಯ ಬದಲು ಇಡೀ ವಾಕ್ಯ ಬರೆಯಲು ಬಿಡಬೇಕು: 18 + □ = 24 ಎಂದು ಬರೆದವನದೂ ಸರಿ, 24 − 18 = □ ಎಂದು ಬರೆದವನದೂ ಸರಿ. ಮೊದಲನೆಯದು ಕತೆಯ ನಕಲು, ಎರಡನೆಯದು ಅದೇ ಕತೆಯ ವಿಲೋಮ. ಸಂಖ್ಯೆಗಳು 1,847 ಮತ್ತು 5,230 ಆದಾಗ ಮುಂದೆ ಎಣಿಸುತ್ತಾ ಕೂರಲಾಗುವುದಿಲ್ಲ. ಮೊದಲನೆಯ ರೂಪದಿಂದ ಎರಡನೆಯದಕ್ಕೆ ದಾಟುವ ಅಗತ್ಯ ಮಗುವಿಗೇ ಕಾಣುತ್ತದೆ. ಕ್ರಿಯೆ ಆರಿಸುವ ಹಾಳೆಗೆ ನಿಜವಾದ ಜಾಗ ಆ ದಾಟುವಿಕೆಯಲ್ಲಿದೆ.

ಪದದ ಬದಲು ಲೆಕ್ಕದ ಬಗೆಯನ್ನು ಗುರುತಿಸಲು ಕಲಿಸಿ ಎಂಬುದು ಕೆಲವರು ಮುಂದಿಡುವ ಮದ್ದು. ಬದಲಾವಣೆಯ ಕತೆಯೋ, ಸೇರಿಕೆಯದೋ, ಹೋಲಿಕೆಯದೋ ಎಂದು ನೋಡಿ ಅದಕ್ಕೆ ತಕ್ಕ ಚಿತ್ರ ಬರೆಸುವುದು. ಆಶಾ ಜಿತೇಂದ್ರ ಮತ್ತಿತರರು ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಜೊತೆ ಈ ದಾರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಒಳ್ಳೆಯ ಫಲ ಕಂಡಿದ್ದಾರೆ. ಪದದ ಪಟ್ಟಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಇಲ್ಲಿ ಪೂರ್ತಿ ಕತೆ ಓದಲೇಬೇಕು. ಆದರೆ ‘-ಗಿಂತ ಇದ್ದರೆ ಹೋಲಿಕೆಯ ಲೆಕ್ಕ, ಹೋಲಿಕೆ ಎಂದರೆ ಕಳೆಯುವುದು’ ಎಂದು ಅದನ್ನೂ ಸೂತ್ರಕ್ಕೆ ಇಳಿಸಿದರೆ ಮತ್ತೆ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತೇವೆ.

ಹೊಸ ಹಾಳೆ ಬರೆಯುವ ಮೊದಲು ಶಿಕ್ಷಕರು ಕಳೆದ ವಾರದ ಹಾಳೆಯನ್ನು ಒಮ್ಮೆ ತೆಗೆದು ನೋಡಲಿ. ಒಂದು ರಟ್ಟಿನಲ್ಲಿ ವಾಕ್ಯಗಳನ್ನೆಲ್ಲ ಮುಚ್ಚಿ, ಸಂಖ್ಯೆಗಳನ್ನೂ ‘ಒಟ್ಟು’, ‘ಉಳಿದ’, ‘ಹೆಚ್ಚು’, ‘ತಲಾ’ಗಳನ್ನೂ ಮಾತ್ರ ಕಾಣುವಂತೆ ಬಿಟ್ಟು, ಗೋಡೆಯ ಪಟ್ಟಿ ಹೇಳಿದಂತೆ ತಾವೇ ಉತ್ತರ ಬರೆಯಲಿ. ಹತ್ತರಲ್ಲಿ ಎಂಟು ಸರಿಬಂದರೆ ಆ ಹಾಳೆಯಲ್ಲಿ ಮಕ್ಕಳು ಪಡೆದ ಅಂಕಗಳನ್ನು ದಾಖಲೆಗೆ ಏರಿಸದಿರುವುದೇ ಒಳ್ಳೆಯದು.